ನಾಲ್ಕನೇ ತರಗತಿಯ ಹಸುವಿಗೆ ಉಪಸಂಹಾರ ಬೇಕೇ?

ಮಾನ್ಯ ಸಂಪಾದಕರೇ,

ಪರಿಚಯದವರ ಮನೆಯ ನಾಲ್ಕನೇ ತರಗತಿಯ ಹುಡುಗಿಯೊಬ್ಬಳ ಕನ್ನಡ ಉತ್ತರಪತ್ರಿಕೆ ಈಚೆಗೆ ನೋಡಲು ಸಿಕ್ಕಿತು. ‘ನಿಮಗೆ ಇಷ್ಟವಾದ ಪ್ರಾಣಿಯ ಬಗ್ಗೆ ಐದಾರು ವಾಕ್ಯ ಬರೆಯಿರಿ’ ಎಂಬ ಪ್ರಶ್ನೆಗೆ ಐದು ಅಂಕ. ಅವಳು ಬರೆದದ್ದು ಇಷ್ಟು:

‘ನಮ್ಮ ಮನೆಯಲಿ ಒಂದು ಹಸು ಇದೆ. ಅದರ ಹೆಸರು ಗೌರಿ. ಅದು ದಿನಾ ಆಲು ಕೊಡುತ್ತದೆ. ಅಮ್ಮ ಅದಕೆ ಉಲು ಹಾಕುತಾರೆ. ಕರು ಓಡುತ್ತದೆ ನಾನು ಅದರ ಹಿಂದೆ ಓಡುತೇನೆ. ಗೌರಿಗೆ ನಾನು ಅಂದರೆ ಇಷ್ಟ.’

ಸಿಕ್ಕ ಅಂಕ ಒಂದೂವರೆ. ಪಕ್ಕದಲ್ಲಿ ಕೆಂಪು ಶಾಯಿಯ ಷರಾ: ‘ಪೀಠಿಕೆ ಇಲ್ಲ, ಉಪಸಂಹಾರ ಇಲ್ಲ, ಕಾಗುಣಿತ ಬಹಳ ತಪ್ಪು.’ ಆರು ಪದಗಳ ಸುತ್ತ ಸುತ್ತು ಹಾಕಿದ್ದರು. ಯಾವುದರ ಪಕ್ಕದಲ್ಲೂ ಸರಿ ರೂಪ ಬರೆದಿರಲಿಲ್ಲ.

ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂಬುದು ಹೈಸ್ಕೂಲಿನ ಪ್ರಬಂಧಕ್ಕೆ ಹೊಲಿದ ಅಂಗಿ. ಅದನ್ನು ಒಂಬತ್ತು ವರ್ಷದ ಮಗುವಿಗೆ ತೊಡಿಸಲು ಹೊರಟರೆ ಏನಾಗುತ್ತದೆಂದು ಮೂರು ದಶಕ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿದ ನಾನು ಬಲ್ಲೆ. ‘ಹಸು ಒಂದು ಸಾಕುಪ್ರಾಣಿ, ಅದಕ್ಕೆ ನಾಲ್ಕು ಕಾಲುಗಳಿವೆ’ ಎಂದು ಶುರುವಾಗಿ ‘ಆದ್ದರಿಂದ ನಾವು ಹಸುವನ್ನು ಪ್ರೀತಿಸಬೇಕು’ ಎಂದು ಮುಗಿಯುವ ಒಂದೇ ಬಾಯಿಪಾಠ ಇಡೀ ತರಗತಿಯ ಪತ್ರಿಕೆಗಳಲ್ಲಿ ಸಾಲಾಗಿ ಬರುತ್ತದೆ. ‘ಉಪಯುಕ್ತ’ ಎಂದು ತಪ್ಪಿಲ್ಲದೆ ಬರೆದ ಮಗುವಿಗೆ ‘ನಿಮ್ಮ ಹಸು ನಿನ್ನೆ ಏನು ಮಾಡಿತು, ಒಂದು ವಾಕ್ಯ ಬರಿ’ ಎಂದು ಹೇಳಿ ನೋಡಿ. ಬಾಯಿಪಾಠ ಯಾವುದು, ಬರವಣಿಗೆ ಯಾವುದು ಎಂದು ಅಲ್ಲೇ ಗೊತ್ತಾಗುತ್ತದೆ.

ಈಗ ಕಾಗುಣಿತದ ವಿಷಯ. ಅದನ್ನು ಬಿಟ್ಟುಬಿಡಿ ಎಂದು ನಾನು ಹೇಳುತ್ತಿಲ್ಲ, ಈ ಹಂತದಲ್ಲಿ ಅದೇ ಮುಖ್ಯ. ‘ಅಜ್ಜಿ ನನಗೆ ಕತ್ತೆ ಹೇಳಿದರು’ ಎಂದು ಬರೆದ ಮಗುವಿಗೆ ಒಂದು ಒತ್ತು ಏನೆಲ್ಲ ಮಾಡಬಲ್ಲದೆಂದು ತಿಳಿಸಲೇಬೇಕು. ಬೆಲೆ–ಬೆಳೆ, ಹತ್ತು–ಅತ್ತು, ಕೊಡು–ಕೋಡು ಎಲ್ಲವೂ ಇದೇ ಜಾತಿ. ಆದರೆ ತಪ್ಪು ಎಣಿಸುವುದು ಬೇರೆ, ತಪ್ಪು ಓದುವುದು ಬೇರೆ.

ಮೇಲಿನ ಆರು ಪದಗಳನ್ನು ಇನ್ನೊಮ್ಮೆ ನೋಡಿ. ‘ಆಲು’, ‘ಉಲು’ ಎಂಬಲ್ಲಿ ಹಕಾರ ಬಿದ್ದಿದೆ. ನಮ್ಮ ಹಲವು ಕಡೆಯ ಮನೆಮಾತಿನಲ್ಲಿ ಪದದ ಮೊದಲಿನ ಹಕಾರ ಕೇಳಿಸುವುದೇ ಇಲ್ಲ. ಮಗು ಕಿವಿಗೆ ಬಿದ್ದಂತೆ ಬರೆದಿದೆ. ಪುಸ್ತಕದಲ್ಲಿ ಮತ್ತೆ ಮತ್ತೆ ಕಣ್ಣಿಗೆ ಬೀಳುವ ಹಸು, ಹೆಸರು, ಹಿಂದೆ, ಹಾಕು ಎಂಬಲ್ಲಿ ಮಾತ್ರ ಹಕಾರ ಸರಿಯಾಗಿದೆ. ಇದಕ್ಕೆ ಗದರಿಸಿದರೆ ಏನಾಗುತ್ತದೆ ಗೊತ್ತೇ? ಮುಂದಿನ ವಾರ ಅದೇ ಮಗು ಭಯಕ್ಕೆ ‘ಹಾನೆ’, ‘ಹೆಲೆ’ ಎಂದು ಇಲ್ಲದ ಕಡೆಯೂ ಹಕಾರ ಸೇರಿಸಿಕೊಂಡು ಬರುತ್ತದೆ.

ಇನ್ನುಳಿದದ್ದು ಒತ್ತಕ್ಷರ. ಮನೆಯಲಿ, ಅದಕೆ, ಉಲು, ಹಾಕುತಾರೆ, ಓಡುತೇನೆ – ಐದು ಕಡೆ ಒತ್ತು ಇಲ್ಲ. ಹುಡುಗಿಗೆ ಒತ್ತು ಬರುವುದಿಲ್ಲ ಎನ್ನೋಣವೆಂದರೆ ನಮ್ಮ, ಅಮ್ಮ, ಇಷ್ಟ, ಕೊಡುತ್ತದೆ, ಓಡುತ್ತದೆ ಎಂದು ಸರಿಯಾಗಿಯೇ ಬರೆದಿದ್ದಾಳೆ. ‘ಓಡುತ್ತದೆ’ ಸರಿ, ಅದೇ ಸಾಲಿನ ‘ಓಡುತೇನೆ’ ತಪ್ಪು! ಕಾರಣ ಅಕ್ಷರದಲ್ಲೇ ಇದೆ. ತಲಕಟ್ಟು ಮಾತ್ರ ಇರುವ ಅಕ್ಷರಕ್ಕೆ ಅವಳು ಒತ್ತು ಕೊಡಬಲ್ಲಳು. ಗುಡಿಸು, ಕೊಂಬು, ಎತ್ವ, ದೀರ್ಘ ಇಂಥದ್ದೇನಾದರೂ ಸೇರಿದ ಅಕ್ಷರಕ್ಕೆ ಒತ್ತೂ ಬಂತೆಂದರೆ ಗುಣಿತ ಬರೆಯುವಷ್ಟರಲ್ಲಿ ಒತ್ತು ಮರೆತುಹೋಗುತ್ತದೆ. ಐದು ತಪ್ಪಲ್ಲ ಇದು, ಒಂದೇ ತಪ್ಪು ಐದು ಸಲ. ‘ಕ್ಕ, ಕ್ಕಿ, ಕ್ಕು, ಕ್ಕೆ’, ‘ಲ್ಲ, ಲ್ಲಿ, ಲ್ಲು, ಲ್ಲೆ’ ಎಂದು ಒತ್ತಿನ ಜೊತೆಗೇ ಗುಣಿತ ಬರೆಸಿ, ಆಮೇಲೆ ಅವೇ ಅಕ್ಷರಗಳಿರುವ ಅಕ್ಕಿ, ಬೆಕ್ಕು, ಹಲ್ಲು, ಕಲ್ಲು ಹೇಳಿ ಉಕ್ತಲೇಖನ ಕೊಟ್ಟರೆ ಇದು ತಿದ್ದುವಂಥದ್ದು. ಆರು ಕೆಂಪು ಸುತ್ತು ಅವಳಿಗೆ ಇದ್ಯಾವುದನ್ನೂ ಹೇಳಲಿಲ್ಲ.

ನಾನಾದರೆ ಈ ಐದು ಅಂಕವನ್ನು ಹೀಗೆ ಒಡೆಯುತ್ತಿದ್ದೆ. ಹೇಳಬೇಕಾದ್ದು ಓದುವವರಿಗೆ ತಿಳಿಯುವಂತಿದ್ದರೆ ಎರಡು. ಕಾಗುಣಿತಕ್ಕೆ ಎರಡು, ಒಂದು ಬಗೆಯ ತಪ್ಪಿಗೆ ಅರ್ಧ ಅಂಕ ಕಡಿತ, ಅದು ಎಷ್ಟು ಸಲ ಬಂದರೂ ಅಷ್ಟೇ. ವಾಕ್ಯ ಪೂರ್ತಿಯಾಗಿದೆಯೇ, ಕರ್ತೃವಿಗೆ ಕ್ರಿಯಾಪದ ಹೊಂದುತ್ತದೆಯೇ, ಪೂರ್ಣವಿರಾಮ ಇದೆಯೇ ಎಂಬುದಕ್ಕೆ ಉಳಿದ ಒಂದು. ಗೌರಿಯ ಕತೆ ಪೂರ್ತಿ ತಿಳಿಯುತ್ತದೆ, ಎರಡಕ್ಕೆ ಎರಡು. ತಪ್ಪು ಎರಡು ಬಗೆಯವು, ಆದ್ದರಿಂದ ಕಾಗುಣಿತದಲ್ಲಿ ಒಂದು. ಕರು ಓಡಿದ ಕಡೆ ಪೂರ್ಣವಿರಾಮ ಬಿಟ್ಟುಹೋಗಿದೆ. ಉಳಿದೆಲ್ಲ ಕಡೆ ಇರುವುದರಿಂದ ಒಂದು ಗುರುತು ಹಾಕಿ ತೋರಿಸಿದರೆ ಸಾಕು, ಅಂಕ ಕಳೆಯುವುದಿಲ್ಲ. ಒಟ್ಟು ನಾಲ್ಕು. ‘ಮಕ್ಕಳು ಆಡುತ್ತದೆ’ ಎಂಬಂಥದ್ದೇನಾದರೂ ಇದ್ದಿದ್ದರೆ ಖಂಡಿತ ಕಳೆಯುತ್ತಿದ್ದೆ. ‘ದಿನಾ’ ಎನ್ನುವ ಬದಲು ‘ಪ್ರತಿದಿನ’, ‘ಅಂದರೆ’ ಎನ್ನುವ ಬದಲು ‘ಎಂದರೆ’ ಬೇಕಿತ್ತು ಎನ್ನುವವರೂ ಇದ್ದಾರೆ. ಅದು ಆರೇಳನೇ ತರಗತಿಯ ಮಾತು.

ತಪ್ಪು ಎಷ್ಟು ಸಲ ಬಂದರೂ ಒಂದೇ ಕಡಿತ ಎಂದರೆ ಮಕ್ಕಳು ಸಡಿಲ ಬಿಡುತ್ತಾರೆ ಎಂದು ಸಹೋದ್ಯೋಗಿಗಳು ನನ್ನೊಡನೆ ವಾದ ಮಾಡಿದ್ದುಂಟು. ನಾನು ಕಂಡದ್ದು ಅದರ ತಿರುಗುಮುರುಗು. ಪದಕ್ಕಿಷ್ಟು ಎಂದು ಕಳೆಯುತ್ತ ಹೋದರೆ ಮಗು ಬೇಗ ಲೆಕ್ಕ ಕಲಿಯುತ್ತದೆ: ಕಡಿಮೆ ಬರೆದರೆ ತಪ್ಪೂ ಕಡಿಮೆ. ಮುಂದಿನ ಪರೀಕ್ಷೆಗೆ ‘ಹಸು ಬಿಳಿ. ಹಸು ಒಳ್ಳೆಯದು.’ ಎಂದು ಬರೆದಿಟ್ಟು ಬರುತ್ತದೆ. ಕರುವೂ ಇಲ್ಲ, ಅದರ ಹಿಂದೆ ಓಡುವವರೂ ಇಲ್ಲ.

ಒಂದು ಮಿತಿ ಹೇಳಲೇಬೇಕು. ಅರ್ಧಕ್ಕರ್ಧ ಪದ ಓದಲಾಗದಂತಿರುವ ಪತ್ರಿಕೆಗಳಿಗೆ ಈ ಲೆಕ್ಕ ನಡೆಯದು. ಅಂಥ ಮಗುವನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ತಾನು ಬರೆದದ್ದನ್ನು ಗಟ್ಟಿಯಾಗಿ ಓದಲು ಹೇಳಬೇಕು. ತಡವರಿಸದೆ ಓದಿದರೆ ಹೇಳುವ ಮಾತಿದೆ, ಅಕ್ಷರ ಕೈಗೆ ಬಂದಿಲ್ಲ ಎಂದರ್ಥ. ತಾನು ಬರೆದದ್ದನ್ನು ತಾನೇ ಓದಲಾರದಿದ್ದರೆ ಅಂಕದ ಮಾತು ಬಿಟ್ಟು ಮೂಲಾಕ್ಷರಕ್ಕೇ ಹಿಂತಿರುಗಬೇಕಾಗುತ್ತದೆ.

ಶಿಕ್ಷಕರ ಮೇಲೆ ತಪ್ಪು ಹೊರಿಸುವ ಉದ್ದೇಶ ನನ್ನದಲ್ಲ. ರಾಶಿ ಪತ್ರಿಕೆ ತಿದ್ದಿ, ಅಂಕ ತುಂಬಿ ಕೊಡಬೇಕಾದ ಅವಸರ ನನಗೂ ಗೊತ್ತು. ಆದರೆ ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆಗಳಲ್ಲಿ ಒಮ್ಮೆಯಾದರೂ ಇಂಥ ಒಂದೇ ಬರಹದ ಜೆರಾಕ್ಸ್ ಪ್ರತಿ ಎಲ್ಲರಿಗೂ ಹಂಚಿ, ಒಬ್ಬರದ್ದನ್ನೊಬ್ಬರು ನೋಡದಂತೆ ಅಂಕ ಹಾಕಿಸಿ, ಆಮೇಲೆ ಅವನ್ನೆಲ್ಲ ಬೋರ್ಡಿನ ಮೇಲೆ ಬರೆಯಲಿ. ಅತಿ ಕಡಿಮೆ ಕೊಟ್ಟವರೂ ಅತಿ ಹೆಚ್ಚು ಕೊಟ್ಟವರೂ ಎದ್ದು ನಿಂತು, ಯಾವ ಪದಕ್ಕೆ ಎಷ್ಟು ಕಳೆದೆವು, ಯಾಕೆ ಕಳೆದೆವು ಎಂದು ಹೇಳಲಿ.

– ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ