ಹೆದರಿದ ಕಡೆಯೇ ತಪ್ಪು ಜಾಸ್ತಿ

ನೋಡಮ್ಮ,

ನಿನ್ನ ಪ್ರಬಂಧ ಓದಿದೆ. ಜೊತೆಗಿದ್ದ ಪತ್ರವನ್ನೂ ಓದಿದೆ. ಪತ್ರಿಕೆಯವರು "ಭಾಷೆ ಸರಿಯಿಲ್ಲ" ಅಂತ ಎರಡೇ ಪದ ಬರೆದು ವಾಪಸ್ ಕಳಿಸಿದ್ದಕ್ಕೆ ಇನ್ನು ಕನ್ನಡದಲ್ಲಿ ಬರೆಯುವುದೇ ಇಲ್ಲ ಅಂದಿದ್ದೀಯ. ಆ ಎರಡು ಪದದಿಂದ ಯಾರಿಗೂ ಏನೂ ಗೊತ್ತಾಗುವುದಿಲ್ಲ, ಆದ್ದರಿಂದ ನಾನು ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಪೂರ್ಣವಿರಾಮ, ಪ್ಯಾರಾ, ಅಂಚು ಇವೆಲ್ಲ ಯಾರು ಬೇಕಾದರೂ ಹೇಳಿಕೊಡುತ್ತಾರೆ, ಬಿಡು. ನಾನು ಕೆಂಪು ಪೆನ್ನಿನಲ್ಲಿ ಗುರುತು ಹಾಕುತ್ತಾ ಹೋದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ನಿನ್ನ ತಪ್ಪುಗಳು ಎಲ್ಲ ಕಡೆ ಚದುರಿಲ್ಲ. ಮೊದಲ ಎರಡು ಪುಟದಲ್ಲಿ, ಅಜ್ಜಿ ಜಗಲಿ ಮೇಲೆ ಕೂತು ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುವ ಭಾಗದಲ್ಲಿ, ತಪ್ಪು ಹುಡುಕಿದರೂ ಕಷ್ಟ. ಕೊನೆಗೆ ಬಂದರೆ ಇದು ಸಿಗುತ್ತದೆ:

"ಇಂತಹ ಶ್ರಮಜೀವಿಯಾದ ನಮ್ಮ ಅಜ್ಜಿಯವರು ಧೈವಾಧೀನರಾದರು. ಅವರ ನಿಷ್ಟೆ ಹಾಗೂ ಸಂಭಂದಗಳು ಕೋಟ್ಯಾಂತರ ರೂಪಾಯಿಗೂ ಮಿಗಿಲೆಂದು ಹೇಳಬಹುದಾಗಿದೆ."

ಎರಡು ವಾಕ್ಯ, ನಾಲ್ಕು ತಪ್ಪು. ದೈವಾಧೀನ, ನಿಷ್ಠೆ, ಸಂಬಂಧ, ಕೋಟ್ಯಂತರ ಅಂತ ಆಗಬೇಕು. ಒಂದೊಂದನ್ನೇ ತಿದ್ದಿ ಮುಗಿಸಬಹುದಿತ್ತು. ಆದರೆ ಅವು ಇಲ್ಲೇ ಯಾಕೆ ಗುಂಪು ಕಟ್ಟಿಕೊಂಡು ಕೂತಿವೆ ಅನ್ನೋದು ನಿನಗೆ ಗೊತ್ತಾಗಬೇಕು.

"ಧೈವ" ನೋಡು. ದಕಾರಕ್ಕೆ ಮಹಾಪ್ರಾಣ ಯಾಕೆ ಬಂತು? ದೊಡ್ಡ ಮಾತು ಬರೆಯುತ್ತಿದ್ದೇನೆ, ಉಸಿರು ಜಾಸ್ತಿ ಇರಬೇಕು ಅಂತ ಕೈಗೆ ಅನ್ನಿಸಿತು. "ಸಂಭಂದ"ದಲ್ಲಂತೂ ಮಹಾಪ್ರಾಣ ಒಂದು ಇದೆ ಅಂತ ನೆನಪಿದೆ, ಎಲ್ಲಿ ಅಂತ ನೆನಪಿಲ್ಲ, ಅದಕ್ಕೆ ಬಕಾರದ ಮೇಲೆ ಹೋಗಿ ಕೂತಿದೆ. ಮೂರನೇ ಪುಟದಲ್ಲಿ "ಅಜ್ಜಿಯ ಹಾರೈಕೆಯಲ್ಲಿ ಬೆಳೆದೆ" ಅಂತ ಬರೆದಿದ್ದೀಯ. ನೀನು ಹೇಳಹೊರಟಿದ್ದು ಆರೈಕೆ, ಅಂದರೆ ನೋಡಿಕೊಳ್ಳುವುದು. ಹಾರೈಕೆ ಅಂದರೆ ಒಳ್ಳೆಯದಾಗಲಿ ಅಂತ ಬಯಸುವುದು. ನಿಮ್ಮ ಕಡೆ ಮಾತಿನಲ್ಲಿ ಹಾಲು "ಆಲು" ಆಗುತ್ತದೆ. ಅದಕ್ಕೆ ಯಾರೋ ನಕ್ಕಿರುತ್ತಾರೆ. ಆಮೇಲೆ ಬರೆಯುವಾಗ ಹಕಾರ ಬೇಡದ ಕಡೆಯೂ ಹಾಕಿಬಿಡುತ್ತೇವೆ. ಇದನ್ನು ಕಂಪ್ಯೂಟರಿನ ಕಾಗುಣಿತ ಪರೀಕ್ಷೆಯೂ ಹಿಡಿಯಲಾರದು, ಯಾಕೆಂದರೆ ಎರಡೂ ನಿಜವಾದ ಪದಗಳೇ. ಅರ್ಥ ನೋಡಿಯೇ ಹಿಡಿಯಬೇಕು.

ನಿಷ್ಠೆಯ ವಿಷಯಕ್ಕೆ ಒಂದು ಸಣ್ಣ ಸಹಾಯ. ಶ್ರೇಷ್ಠ, ಕನಿಷ್ಠ, ಗರಿಷ್ಠ, ನಿಷ್ಠೆ ಇವಕ್ಕೆ ಠ. ಇಷ್ಟ, ಕಷ್ಟ, ವಿಶಿಷ್ಟ ಇವಕ್ಕೆ ಟ. ಉಳಿದದ್ದಕ್ಕೆ ನಿಘಂಟು ತೆಗಿ, ಸುಮ್ನೆ ಊಹಿಸಬೇಡ.

ಕೋಟ್ಯಾಂತರ ಮಾತ್ರ ಬೇರೆ ತರಹದ ತಪ್ಪು. ಇದು ನಿನ್ನೊಬ್ಬಳದಲ್ಲ, ಎಷ್ಟೋ ಜನ ಹೀಗೇ ಬರೆಯುತ್ತಾರೆ. ಲಕ್ಷಾಂತರ ಅಂತ ಕೇಳಿ ಕೇಳಿ ಕಿವಿ ಅದೇ ದೀರ್ಘವನ್ನು ಇಲ್ಲಿಗೂ ಎಳೆದು ತರುತ್ತದೆ. ಬಿಡಿಸಿ ನೋಡು. ಲಕ್ಷ, ಅಂತರ: ಎರಡು ಅಕಾರ ಸೇರಿ ಆ ಆಯಿತು, ಅದಕ್ಕೆ ಲಕ್ಷಾಂತರ. ಕೋಟಿ, ಅಂತರ: ಇಲ್ಲಿ ಕೊನೆಗಿರುವುದು ಇ. ಅದು ಯಕಾರವಾಗಿ ಬದಲಾಗುತ್ತದೆ, ಮುಂದಿನ ಅಕಾರ ಇದ್ದ ಹಾಗೇ ಇರುತ್ತದೆ. ದೀರ್ಘ ಬರೋಕೆ ಕಾರಣವೇ ಇಲ್ಲ. ಜಾತ್ಯತೀತ, ಕೋಟ್ಯಧಿಪತಿ ಎರಡೂ ಹೀಗೆಯೇ. ಆದರೆ ಅತ್ಯಾಧುನಿಕ ಸರಿ, ಯಾಕೆಂದರೆ ಅಲ್ಲಿ ಎರಡನೇ ಪದವೇ ಆ ಅಂತ ಶುರುವಾಗುತ್ತದೆ. ಯಣ್‌ಸಂಧಿ ಅನ್ನೋ ಹೆಸರು ಮರೆತರೂ ನಡೆಯುತ್ತದೆ. ಅನುಮಾನ ಬಂದಾಗ ಪದ ಬಿಡಿಸಿ ಎರಡನೆಯದರ ಮೊದಲ ಅಕ್ಷರ ನೋಡುವುದನ್ನು ಮರೆಯಬೇಡ.

ಕನ್ನಡದ್ದೇ ಸಂಧಿಗಳಲ್ಲಿ ನಿನ್ನದು ಇನ್ನೊಂದು ಗೋಳು. "ಮಳೆ ಕಾಲ" ಅಂತ ಬಿಡಿಸಿ ಬರೆದಿದ್ದೀಯ, ಬಾಯಲ್ಲಿ ಮಳೆಗಾಲ ಅನ್ನುವವಳು! "ಅಜ್ಜಿ ಹೋಗಿ ಬಿಟ್ಟಳು" ಅಂತ ಜಾಗ ಬಿಟ್ಟರೆ ಎಲ್ಲಿಗೋ ಹೋಗಿ ಏನನ್ನೋ ಬಿಟ್ಟಳು ಅಂತಲೂ ಆಗುತ್ತದೆ. ಹೋಗಿಬಿಟ್ಟಳು ಒಂದೇ ಪದ. ಇನ್ನೊಂದು ಕಡೆ "ಅಜ್ಜಿಯಿಲ್ಲದಾಮನೆಯಂಗಳ" ಅಂತ ಎಲ್ಲವನ್ನೂ ಅಂಟಿಸಿದ್ದೀಯ. ಪದಕ್ಕೆ ಪ್ರತ್ಯಯ ಸೇರುವಾಗ, ಎರಡು ಪದ ಸೇರಿ ಒಂದೇ ಪದವಾಗುವಾಗ ಸಂಧಿ ಬಿಡುವಂತಿಲ್ಲ. ವಾಕ್ಯದಲ್ಲಿ ಪಕ್ಕಪಕ್ಕ ಬಂದ ಪದಗಳಿಗೆ ಮಾಡುವುದೂ ಬಿಡುವುದೂ ನಿನಗೆ ಬಿಟ್ಟದ್ದು. "ಅಜ್ಜಿ ಇಲ್ಲದ ಆ ಮನೆಯ ಅಂಗಳ" ಅಂತ ಬರೆದರೆ ಯಾರೂ ತಪ್ಪು ಅನ್ನುವುದಿಲ್ಲ.

ಈಗ ನನಗೆ ನಿಜವಾಗಿ ಸಿಟ್ಟು ಬಂದ ವಿಷಯ. ಮೊದಲ ಪುಟದಲ್ಲಿ ಅಜ್ಜಿ "ಅವಳು". ಕೊನೆಯ ಪುಟದಲ್ಲಿ "ಅಜ್ಜಿಯವರು". ಸತ್ತ ಕೂಡಲೇ ಅಜ್ಜಿ ಅಪರಿಚಿತಳಾಗಿಬಿಟ್ಟಳಾ? ದೈವಾಧೀನರಾದರು, ಹೇಳಬಹುದಾಗಿದೆ ಇವು ನಿನ್ನ ಮನೆಯ ಮಾತಲ್ಲ. ಶ್ರದ್ಧಾಂಜಲಿ ಫ್ಲೆಕ್ಸಿನದು ಒಂದು, ಸರ್ಕಾರಿ ವರದಿಯದು ಇನ್ನೊಂದು. ಹಳೆಯ ಕಥೆ ಹೇಳುತ್ತೇನೆ. ನನ್ನ ಅಪ್ಪನ ಬಗ್ಗೆ ಬರೆದ ಲೇಖನದಲ್ಲಿ "ಅಪ್ಪ ತೀರಿಕೊಂಡ" ಅಂತಿದ್ದುದನ್ನು ಒಂದು ವಾರಪತ್ರಿಕೆಯಲ್ಲಿ ನನ್ನನ್ನು ಕೇಳದೆ "ತಂದೆಯವರು ದೈವಾಧೀನರಾದರು" ಅಂತ ಮಾಡಿದರು. ಕಾಗುಣಿತ ಪೂರ್ತಿ ಸರಿಯಿತ್ತು. ಅಚ್ಚಾಗಿ ಬಂದಾಗ ಅದು ನನ್ನ ಅಪ್ಪ ಅಂತ ನನಗೇ ಅನ್ನಿಸಲಿಲ್ಲ. ಆ ಕೋಪ ಇವತ್ತಿಗೂ ಹೋಗಿಲ್ಲ. ನಿನಗೆ ಅದನ್ನು ಬೇರೆಯವರು ಮಾಡಬೇಕಾಗಿಯೇ ಬರಲಿಲ್ಲ, ನೀನೇ ಮಾಡಿಕೊಂಡಿದ್ದೀಯ!

ಹಾಗಂತ ಮಾತಾಡಿದ ಹಾಗೇ ಬರೆ ಅನ್ನುತ್ತಿಲ್ಲ. "ಕುಟ್ಟುತ್ತಿದ್ದಳು" ಅಂದ ಮುಂದಿನ ಸಾಲಿನಲ್ಲೇ "ಬೀಜ ಹಾರಿ ನಮ್ಮ ಮೇಲೆ ಬೀಳ್ತಿತ್ತು" ಅಂದರೆ ಓದುವವರು ಎಡವುತ್ತಾರೆ. ಪೂರ್ತಿ ಪ್ರಬಂಧವನ್ನೇ ಆಡುಮಾತಿನಲ್ಲಿ ಬರೆದರೆ ಅದೂ ಒಂದು ದಾರಿ, ಆದರೆ ಕೊನೆವರೆಗೂ ಹಾಗೇ ನಡೆಸಬೇಕು. ನೀನು ಹಿಡಿದಿರುವುದು ಬರಹದ ದಾರಿ, ಆದ್ದರಿಂದ "ಬೀಳುತ್ತಿತ್ತು". ಅಜ್ಜಿಯ "ಒಂದ್ ಬೀಜಾನೂ ಬಿಡ್‌ಬ್ಯಾಡ ಕಣವ್ವ" ಅನ್ನೋ ಮಾತನ್ನು ಮಾತ್ರ ಯಾರು ಹೇಳಿದರೂ ಮುಟ್ಟಬೇಡ. ಅದು ಅವಳ ಬಾಯಿಯದು, ಉದ್ಧರಣ ಚಿಹ್ನೆಯ ಒಳಗಿದೆ.

ಇದನ್ನು ಹಿಡಿಯೋಕೆ ನಾನು ಮಾಡುವುದು ಇಷ್ಟು. ನಮ್ಮ ಭಾಷೆಯಲ್ಲಿ ಕ್ರಿಯಾಪದ ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬರುತ್ತದೆ, ಅಲ್ವಾ? ಪೆನ್ಸಿಲ್ಲಿನಲ್ಲಿ ಅವಕ್ಕೆ ಮಾತ್ರ ಗೆರೆ ಎಳೆದು, ಮೇಲಿಂದ ಕೆಳಗೆ ಅವನ್ನಷ್ಟೇ ಜೋರಾಗಿ ಓದುತ್ತೇನೆ. ನಿನ್ನದನ್ನು ಓದಿದರೆ ಹೀಗೆ ಬರುತ್ತದೆ: ಕುಟ್ಟುತ್ತಿದ್ದಳು, ಬೀಳ್ತಿತ್ತು, ನಕ್ಕಳು, ದೈವಾಧೀನರಾದರು, ಹೇಳಬಹುದಾಗಿದೆ. ಒಬ್ಬಳೇ ಮಾತಾಡುತ್ತಿಲ್ಲ ಅಂತ ಕಿವಿಗೇ ಗೊತ್ತಾಗುತ್ತದೆ. ದನಿ ಬದಲಾದ ಜಾಗದಲ್ಲಿ ನಿಂತು ಸುತ್ತಲಿನ ಕಾಗುಣಿತ ನೋಡು. ನಿನ್ನ ಕರಡಿನಲ್ಲಿ ಮುಕ್ಕಾಲು ತಪ್ಪು ಅಲ್ಲೇ ಇದೆ.

ಆ ಎರಡು ವಾಕ್ಯ ತಿದ್ದುವುದು ಹೇಗೆ? ನಾಲ್ಕು ಪದ ಸರಿಮಾಡಿದರೆ ಸಾಲದು. ಅಜ್ಜಿ ತೀರಿಕೊಂಡಳು ಅಂತ ಬರೆ. ನಿಷ್ಠೆಯ ವಾಕ್ಯ ಹೊಡೆದುಹಾಕು, ಏಕೆಂದರೆ ಎರಡನೇ ಪುಟದಲ್ಲಿ ನೀನೇ ಅದನ್ನು ಚೆನ್ನಾಗಿ ಹೇಳಿ ಮುಗಿಸಿದ್ದೀಯ. ಕೂಲಿ ಕೊಡುತ್ತಿದ್ದದ್ದು ಹಣ್ಣಿನ ತೂಕಕ್ಕೆ, ನಾಲ್ಕು ಬೀಜ ಒಳಗೇ ಉಳಿದರೆ ತೂಕ ಜಾಸ್ತಿ ಬರುತ್ತಿತ್ತು, ಆದರೂ ಅವಳು ಒಂದನ್ನೂ ಬಿಡುತ್ತಿರಲಿಲ್ಲ ಅಂತ. ಅಲ್ಲಿ ಒಂದೇ ಒಂದು ಕಾಗುಣಿತ ತಪ್ಪಿಲ್ಲ.

ತಿದ್ದಿದ ಪ್ರತಿಯ ಜೊತೆಗೆ ಗೆರೆ ಎಳೆದ ಹಳೆಯ ಪ್ರತಿಯನ್ನೂ ಕಳಿಸು. ಎಲ್ಲೆಲ್ಲಿ ನಿಂತೆ ಅಂತ ನೋಡಬೇಕು.