ಸಾಮಾನಿನ ಪಟ್ಟಿ ಇನ್ನು ಮೇಲೆ 24ರಂತೆ ತೆರೆಯುತ್ತದೆ, ಹುಡುಕುವ ಜಾಗವೂ ಬಂದಿದೆ

ಸದಸ್ಯರಿಗೂ ಗ್ರಾಹಕರಿಗೂ ನಮಸ್ಕಾರ.

ಅಡಿಕೆಗೆ ಮೊದಲ ಔಷಧಿ ಹೊಡೆಯುವ ಹೊತ್ತು ಹತ್ತಿರ ಬಂತು. ಮೈಲುತುತ್ತ, ಸುಣ್ಣ, ಕೊಟ್ಟೆ, ಪೈಪು ಅಂತ ಎಲ್ಲರೂ ಒಂದೇ ಸಮ ನೆಟ್‌ನಲ್ಲಿರುವ ನಮ್ಮ ಪಟ್ಟಿ ತೆಗೆಯುವ ದಿನಗಳಿವು. ಆ ಗಡಿಬಿಡಿಗೆ ಮೊದಲೇ ಪಟ್ಟಿಯಲ್ಲಿ ಒಂದು ಬದಲಾವಣೆ ಮಾಡುತ್ತಿದ್ದೇವೆ. ಬರುವ ಸೋಮವಾರದಿಂದ ಅದು ನಿಮಗೆ ಕಾಣುತ್ತದೆ.

ಕಳೆದ ಮಳೆಗಾಲದಲ್ಲಿ ಹೊಸನಗರದ ಕಡೆಯ ಸದಸ್ಯೆಯೊಬ್ಬರು ಫೋನ್ ಮಾಡಿದ್ದರು. ಅವರ ಮನೆಯಲ್ಲಿ ಸಿಗ್ನಲ್ ಇಲ್ಲ, ಮೇಲಿನ ಗುಡ್ಡಕ್ಕೆ ಹೋಗಬೇಕು. "ನಿಮ್ಮ ಪಟ್ಟಿ ನೋಡೋಕೆ ಗುಡ್ಡ ಹತ್ತಿ ಬಂದೆ ಮಾರಾಯ್ರೇ, ಹತ್ತು ನಿಮಿಷ ಆಯ್ತು, ಬಿಳಿ ಹಾಳೆ ಬಿಟ್ಟು ಏನೂ ಬರ್ತಿಲ್ಲ" ಅಂದರು. ಅವರಿಗೆ ಬೇಕಾಗಿದ್ದು ಒಂದೇ ಒಂದು ರೇಟು.

ತಪ್ಪು ನಮ್ಮದೇ. ನಮ್ಮಲ್ಲಿ ಈಗ ಸುಮಾರು 1,200 ಸಾಮಾನು ಇವೆ. ಪಟ್ಟಿ ತೆಗೆದ ಕೂಡಲೇ ಅಷ್ಟೂ ಸಾಮಾನು, ಅಷ್ಟೂ ಫೋಟೊ ಒಟ್ಟಿಗೆ ಹೊರಡುತ್ತಿದ್ದವು. ಒಂದು ಫೋಟೊ 40 ಕೆಬಿ ಅಂದುಕೊಂಡರೂ ಒಟ್ಟು 48 ಎಂಬಿ ಆಗುತ್ತದೆ. ಒಂದು ಎಂಬಿಪಿಎಸ್ ವೇಗದ ನೆಟ್‌ನಲ್ಲಿ ಅಷ್ಟು ಇಳಿಯಲು ಆರು ನಿಮಿಷಕ್ಕಿಂತ ಜಾಸ್ತಿ ಬೇಕು. ನಡುವೆ ಸಿಗ್ನಲ್ ಹೋದರೆ ಮತ್ತೆ ಮೊದಲಿಂದ. ಸಂಘ ಶುರುವಾದಾಗ ಸಾಮಾನು ನೂರೂ ಇರಲಿಲ್ಲ, ಆಗ ಈ ತೊಂದರೆ ಯಾರಿಗೂ ಗೊತ್ತಾಗಲಿಲ್ಲ.

ಇನ್ನು ಮೇಲೆ ಒಂದು ಸಲಕ್ಕೆ 24 ಸಾಮಾನು ಮಾತ್ರ ಬರುತ್ತವೆ. ಒಂದು ಎಂಬಿಯೊಳಗೆ ಮುಗಿಯುತ್ತದೆ, ಅದೇ ನೆಟ್‌ನಲ್ಲಿ ಎಂಟು ಸೆಕೆಂಡಿನ ಕೆಲಸ. ಕೆಳಗೆ "ಮುಂದೆ", "ಹಿಂದೆ" ಅಂತ ಎರಡು ಬಟನ್ ಇರುತ್ತವೆ. 1, 2, 3 ಅಂತ ಪುಟದ ನಂಬರ್ ಇರುವುದಿಲ್ಲ. ಪರೀಕ್ಷೆಗೆ ಕೊಟ್ಟಾಗ ತುಂಬಾ ಜನ ಕೇಳಿದ್ದು ಇದನ್ನೇ, ಹಾಗಾಗಿ ಕಾರಣ ಬಿಡಿಸಿ ಹೇಳುತ್ತೇನೆ.

ಮೊದಲು ನಂಬರ್ ಹಾಕಿಯೇ ಮಾಡಿದ್ದೆವು. ಎರಡನೇ ಪುಟ ಅಂದರೆ ಮೊದಲ 24 ಬಿಟ್ಟು 25ರಿಂದ ಎಣಿಸಿ ಕೊಡು ಅಂತ ಲೆಕ್ಕ. ನಮ್ಮ ಪಟ್ಟಿಯಲ್ಲಿ ಖಾಲಿಯಾದ ಸಾಮಾನು ತಾನಾಗಿ ಮರೆಯಾಗುತ್ತದೆ. ನೀವು ಮೊದಲ ಪುಟ ನೋಡುತ್ತಿರುವಾಗಲೇ ಇಲ್ಲಿ ಕೌಂಟರಿನಲ್ಲಿ ಆ ಪುಟದ ಮೂರು ಸಾಮಾನು ಖಾಲಿಯಾದವು ಅನ್ನಿ. ಅವುಗಳ ನಂತರದವೆಲ್ಲ ಮೂರು ಮೂರು ಸ್ಥಾನ ಮೇಲೆ ಬಂದವು. ಆಗ ನೀವು ಎರಡನೇ ಪುಟ ಒತ್ತಿದರೆ ಸಿಗುವುದು ಮೊದಲು 28ನೆಯದಾಗಿದ್ದ ಸಾಮಾನು. 25, 26, 27 ಮೊದಲ ಪುಟದೊಳಗೆ ಸೇರಿಕೊಂಡಿವೆ, ಅದನ್ನು ನೀವು ಆಗಲೇ ದಾಟಿ ಬಂದಿದ್ದೀರಿ. ನಮ್ಮ ಹುಡುಗರು ಪರೀಕ್ಷೆ ಮಾಡುವಾಗ ಹೀಗೆ ತಪ್ಪಿಹೋದ ಮೂರರಲ್ಲಿ ಒಂದು ಕಾಪರ್ ಸಲ್ಫೇಟ್ ಪ್ಯಾಕೆಟ್! ಅಂಗಡಿಯಲ್ಲಿ ಚೀಲಗಟ್ಟಲೆ ಇತ್ತು, ಆದರೆ ಪಟ್ಟಿ ಪೂರ್ತಿ ನೋಡಿದವರಿಗೂ ಕಾಣಲಿಲ್ಲ. ಹೊಸ ಸಾಮಾನು ಬಂದರೆ ಇದೇ ತಿರುಗಾಮುರುಗಾ ಆಗಿ, ಒಂದೇ ಸಾಮಾನು ಎರಡು ಪುಟದಲ್ಲೂ ಕಾಣುತ್ತದೆ.

ಅದಕ್ಕೇ ಎಣಿಸುವುದನ್ನು ಬಿಟ್ಟೆವು. ನೀವು ಕೊನೆಗೆ ನೋಡಿದ ಸಾಮಾನಿನ ಹೆಸರು ಮತ್ತು ಕೋಡ್ ನೆನಪಿಟ್ಟುಕೊಂಡು, "ಇದಾದ ಮೇಲಿನ 24 ಕೊಡು" ಅಂತ ಕೇಳುತ್ತೇವೆ. ಹಿಂದೆ ಎಷ್ಟು ಖಾಲಿಯಾದರೂ ಮುಂದಿನದು ತಪ್ಪುವುದಿಲ್ಲ. ಆ ಕೊನೆಯ ಸಾಮಾನೇ ಖಾಲಿಯಾದರೂ ಪರವಾಗಿಲ್ಲ, ಪಟ್ಟಿ ಹೆಸರಿನ ಕ್ರಮದಲ್ಲೇ ಇರುವುದರಿಂದ ಅದರ ಹೆಸರಿನ ನಂತರ ಬರುವುದು ಯಾವುದು ಅಂತ ಗೊತ್ತಾಗುತ್ತದೆ. ಹೆಸರಿನ ಜೊತೆ ಕೋಡ್ ಯಾಕೆ ಅಂದರೆ, ಬರೀ "ಎಲ್ಬೋ" ಅನ್ನುವ ಹೆಸರಿನಲ್ಲೇ ಎಂಟು ಸಾಮಾನು ಇವೆ. ಕೋಡ್ ಇಲ್ಲದಿದ್ದರೆ ಯಾವ ಎಲ್ಬೋ ತನಕ ನೋಡಿದಿರಿ ಅಂತ ಹೇಳಲು ಬರುವುದಿಲ್ಲ. ಈ ಕ್ರಮದಲ್ಲಿ ನೇರ ಏಳನೇ ಪುಟಕ್ಕೆ ಹಾರಲು ಆಗುವುದಿಲ್ಲ, ಒಂದೊಂದೇ ಮುಂದೆ ಹೋಗಬೇಕು. ಸಾಮಾನು ತಪ್ಪಿಹೋಗುವುದಕ್ಕಿಂತ ಇದೇ ವಾಸಿ ಅಂತ ನಮಗನ್ನಿಸಿತು.

ಹಾರಿ ಹೋಗಬೇಕಾದಾಗ ಇರುವುದೇ ಹುಡುಕುವ ಜಾಗ. ಪಟ್ಟಿಯ ಮೇಲ್ಗಡೆ ಇದೆ. ನಿಮ್ಮಲ್ಲಿ ಕೆಲವರು ಇಷ್ಟು ದಿನ ಬ್ರೌಸರ್‌ನದೇ "ಪುಟದಲ್ಲಿ ಹುಡುಕು" ಬಳಸುತ್ತಿದ್ದಿರಿ. ದಯವಿಟ್ಟು ಇನ್ನು ಅದನ್ನು ನಂಬಬೇಡಿ, ಅದಕ್ಕೆ ಕಣ್ಣೆದುರಿನ 24 ಮಾತ್ರ ಕಾಣುತ್ತವೆ. ನಮ್ಮ ಹುಡುಕಾಟ 1,200ರಲ್ಲೂ ನೋಡುತ್ತದೆ. ಎಷ್ಟನೇ ಪುಟದಲ್ಲಿದ್ದು ಹುಡುಕಿದರೂ ಫಲಿತಾಂಶ ಮೊದಲಿಂದಲೇ ಬರುತ್ತದೆ.

ನಮಗೆ ಹೆಚ್ಚು ದಿನ ಹಿಡಿದದ್ದು ಇಲ್ಲೇ. ಪಟ್ಟಿಯಲ್ಲಿ ಇದ್ದದ್ದು "ಕಾಪರ್ ಸಲ್ಫೇಟ್", ನೀವು ಕೇಳುವುದು ಮೈಲುತುತ್ತ. ಕೆಲವರು ಸುಮ್ನೆ ತುತ್ತ ಅನ್ನುತ್ತೀರಿ. ಪಟ್ಟಿಯಲ್ಲಿ "63 ಎಂಎಂ" ಪೈಪು, ತೋಟದಲ್ಲಿ ಅದು ಎರಡಿಂಚು. ಹಾಗಾಗಿ ಒಂದೊಂದು ಸಾಮಾನಿಗೂ ಊರಿನಲ್ಲಿ ಕರೆಯುವ ಹೆಸರುಗಳನ್ನು ಸೇರಿಸಿದ್ದೇವೆ. 25 ಎಂಎಂ ಅಂದರೂ ಮುಕ್ಕಾಲಿಂಚು ಅಂದರೂ ಒಂದೇ ಪೈಪು ಸಿಗುತ್ತದೆ. ಕೌಂಟರಿನಲ್ಲಿ ನಿಂತವರು ದಿನಾ ಕೇಳಿಸಿಕೊಳ್ಳುವ ಮಾತುಗಳನ್ನು ನೋಟ್‌ಬುಕ್‌ನಲ್ಲಿ ಬರೆದಿಟ್ಟರು, ಅದೇ ನಮಗೆ ಆಧಾರ.

ಇನ್ನೊಂದು ತೊಡಕು ಕಣ್ಣಿಗೆ ಕಾಣುವಂಥದ್ದೇ ಅಲ್ಲ. "ದೋಟಿ" ಅಂತ ಹುಡುಕಿದರೆ ಏನೂ ಬರುತ್ತಿರಲಿಲ್ಲ. ಪಟ್ಟಿಯಲ್ಲಿ ನೋಡಿದರೆ ಫೈಬರ್ ದೋಟಿ ಎರಡು ಇವೆ, ಅಕ್ಷರವೂ ಸರಿ ಇದೆ. ಹಳೆಯ ಪಟ್ಟಿ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿ ಆಮೇಲೆ ಯೂನಿಕೋಡ್‌ಗೆ ಬದಲಿಸಿದ್ದು. ಆ ಬದಲಾವಣೆಯಲ್ಲಿ "ದೋ" ಅಕ್ಷರದ ಗುರುತು ಎತ್ವ, ಕೊಂಬಿನ ದೀರ್ಘ, ಮತ್ತೊಂದು ದೀರ್ಘ ಅಂತ ಮೂರು ತುಂಡಾಗಿ ಉಳಿದಿತ್ತು. ನಿಮ್ಮ ಮೊಬೈಲ್ ಕೀಬೋರ್ಡ್ ಅದನ್ನೇ ಒಂದೇ ಗುರುತಾಗಿ ಕಳಿಸುತ್ತದೆ. ನೋಡಲು ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. "ಕೊಟ್ಟೆ"ಯದೂ ಇದೇ ಕಥೆ, ಐದರಲ್ಲಿ ಎರಡೇ ಸಿಗುತ್ತಿದ್ದವು. ಈಗ ಪಟ್ಟಿಯನ್ನೂ ನೀವು ಟೈಪ್ ಮಾಡಿದ್ದನ್ನೂ ಮೊದಲು ಒಂದೇ ರೂಪಕ್ಕೆ ತಂದು, ಆಮೇಲೆ ಹೋಲಿಸುತ್ತೇವೆ.

ಅಕ್ಷರ ತಪ್ಪಾದರೆ ತಿದ್ದಿಕೊಳ್ಳುವಷ್ಟು ಬುದ್ಧಿ ಇದಕ್ಕೆ ಇನ್ನೂ ಇಲ್ಲ. ಹೆಸರಿನ ಮೊದಲ ಎರಡು ಮೂರು ಅಕ್ಷರ ಹಾಕಿ ನೋಡಿ, ಅಷ್ಟು ಸಾಕು.

ಪೂರ್ತಿ ಪಟ್ಟಿಯನ್ನು ಇಳಿಸಿಟ್ಟುಕೊಂಡು ನೆಟ್ ಇಲ್ಲದಾಗ ನೋಡುವವರೂ ಇದ್ದೀರಿ. ನಿಮಗಾಗಿ ಫೋಟೊ ಇಲ್ಲದ ಪಿಡಿಎಫ್ ಇಟ್ಟಿದ್ದೇವೆ, ಪ್ರತಿ ಸೋಮವಾರ ಹೊಸ ರೇಟು ಹಾಕುತ್ತೇವೆ. ಫೋನಿನಲ್ಲಿ ಆರ್ಡರ್ ಮಾಡುವುದು ಮೊದಲಿನಂತೆಯೇ ಇರುತ್ತದೆ.

ಹುಡುಕಿ ಏನೂ ಸಿಗದ ಪದಗಳು ನಮ್ಮಲ್ಲಿ ದಾಖಲಾಗುತ್ತವೆ. ಪದ ಮಾತ್ರ, ಯಾರು ಹುಡುಕಿದ್ದು ಅನ್ನುವುದು ಇಲ್ಲ. ವಾರಕ್ಕೊಮ್ಮೆ ಕೂತು ಅವನ್ನು ಸರಿಯಾದ ಸಾಮಾನಿಗೆ ಸೇರಿಸುತ್ತೇವೆ. ತೀರ್ಥಹಳ್ಳಿ ಕಡೆ ಒಂದು ಹೆಸರು, ಸಾಗರದ ಕಡೆ ಇನ್ನೊಂದು ಇರುತ್ತದಲ್ವಾ? ನಿಮ್ಮ ಮನೆಯಲ್ಲಿ ಕರೆಯುವ ಹೆಸರನ್ನೇ ಹಾಕಿ ಹುಡುಕಿ. ಈ ವಾರ ಸಿಗದಿದ್ದರೆ ಕೌಂಟರಿಗೆ ಫೋನ್ ಮಾಡಿ ಹೇಳಿ, ಬರೆದುಕೊಳ್ಳುತ್ತೇವೆ.

ಇಂತಿ,
ಕಾರ್ಯದರ್ಶಿ
ಬೆಳೆಗಾರರ ಸಹಕಾರ ಸಂಘ