ನಕ್ಷೆ ಪ್ರಶ್ನೆ ಕಳಿಸುವವರ ಗಮನಕ್ಕೆ

ಶಿರಸಿ, ಕಾರವಾರ, ಹೊನ್ನಾವರದ ಇತಿಹಾಸ ಶಿಕ್ಷಕ ಮಿತ್ರರೇ, ಪ್ರಾಚೀನ ಬಂದರುಗಳ ನಕ್ಷೆ ಪ್ರಶ್ನೆ ಬರೆಯುವ ಮೊದಲು ಅಳತೆಪಟ್ಟಿ ಹಿಡಿಯಿರಿ. ಭಾರತದ ಬಾಹ್ಯರೇಖಾ ನಕ್ಷೆ ಉತ್ತರದಿಂದ ದಕ್ಷಿಣಕ್ಕೆ 16 ಸೆಂ.ಮೀ. ಇದ್ದರೆ, 1 ಸೆಂ.ಮೀ. ಎಂದರೆ ಸುಮಾರು 200 ಕಿ.ಮೀ. ಪೆನ್ನಿನ ಚುಕ್ಕಿ 3 ಮಿ.ಮೀ. ಜರುಗಿದರೆ 60 ಕಿ.ಮೀ. ತಪ್ಪಾಯಿತು.

ಬರಿಗಾಜಾ ನೋಡಿ. ಅದು ನರ್ಮದೆಯ ಮುಖದ ಬಳಿ ಇರುವ ಇಂದಿನ ಭರೂಚ್. ತಾಪಿ ನದಿಯ ಸೂರತ್ ಅಲ್ಲಿಂದ ದಕ್ಷಿಣಕ್ಕೆ 60 ಕಿ.ಮೀ. ಆಸುಪಾಸು, ಅಂದರೆ ನಮ್ಮ ನಕ್ಷೆಯಲ್ಲಿ ಮೂರೇ ಮಿಲಿಮೀಟರ್. ನದಿಗಳಿಲ್ಲದ ನಕ್ಷೆಯಲ್ಲಿ ಉತ್ತರ ಬಲ್ಲ ಮಗುವಿಗೂ ಇಲ್ಲಿ ಅಂಕ ಹೋಗುತ್ತದೆ. ಎರಡೂ ನದಿಗಳ ಗೆರೆ ಹಾಕಿಕೊಡಿ, ಹೆಸರು ಬೇಡ. ನರ್ಮದೆಯ ಮುಖದ ಹತ್ತಿರ ಗುರುತಿಸಿದವರಿಗೆ ಪೂರ್ತಿ ಅಂಕ, ತಾಪಿಗೆ ಇಲ್ಲ. ಈ ನಿಯಮವನ್ನು ಉತ್ತರ ಸೂಚಿಯಲ್ಲೇ ಬರೆದಿಡಿ. ಇಲ್ಲವಾದರೆ ಮೌಲ್ಯಮಾಪಕರು ತಲೆಗೊಂದು ಲೆಕ್ಕ ಹಾಕುತ್ತಾರೆ.

ಪೆರಿಪ್ಲಸ್‌ನ ‘ನೌರಾ’ ನಮ್ಮ ಹೊನ್ನಾವರ ಎಂದು ಕೇಳುವ ಆಸೆ ಸಹಜವೇ. ಆದರೆ ಕೆಲವರು ಅದನ್ನು ಕಣ್ಣೂರು ಎನ್ನುತ್ತಾರೆ, ಹಾಗಾಗಿ ಅದು ಬೇಡ. ಮುಜಿರಿಸ್‌ಗೂ ಒಂದೇ ಊರಿನ ಚುಕ್ಕಿ ಕೇಳಬೇಡಿ. ಕೊಡುಂಗಲ್ಲೂರು, ಪಟ್ಟಣಂ ಎರಡೂ ಪೆರಿಯಾರ್ ಮುಖಜ ಪ್ರದೇಶದಲ್ಲೇ ಇವೆ. ‘ಪೆರಿಯಾರ್ ಮುಖದ ಸುತ್ತ’ ಎಂದು ಒಪ್ಪಿಕೊಂಡರೆ ಸಾಕು.

ಸಾಮ್ರಾಜ್ಯದ ಗಡಿ ಕೇಳುವಾಗ ಅರಸನ ಹೆಸರು ಕೊಡಲೇಬೇಕು. ‘ಶಾತವಾಹನರ ರಾಜ್ಯ’ ಎಂದಷ್ಟೇ ಬರೆದರೆ ಸಾಲದು. ನಾಸಿಕದ ಸುತ್ತಲಿನ ಪ್ರದೇಶ ನಹಪಾನನ ಕೈಯಲ್ಲಿದ್ದು, ಗೌತಮೀಪುತ್ರ ಶಾತಕರ್ಣಿ ಅದನ್ನು ಮರಳಿ ಗೆದ್ದ.